ಒಣಗದ ಬಟ್ಟೆ, ಕಟ್ಟಿಕೊಂಡ ಡ್ರೈಯರ್

ಹೀಟ್ ಪಂಪ್ ಡ್ರೈಯರಿಗೆ ಬಿಸಿಗಾಳಿಯನ್ನು ಮನೆಯಾಚೆ ಬಿಡುವ ಕೊಳವೆ ಇರುವುದಿಲ್ಲ. ಒಂದೇ ಗಾಳಿ ಒಳಗೇ ಸುತ್ತುತ್ತದೆ: ಬಿಸಿಯಾಗಿ ಡ್ರಮ್ಮಿಗೆ ಹೋಗಿ ಬಟ್ಟೆಯ ತೇವ ಹೀರುತ್ತದೆ, ತಣ್ಣನೆಯ ಸುರುಳಿಗೆ ತಾಗಿ ಆ ತೇವವನ್ನು ನೀರಾಗಿ ಇಳಿಸುತ್ತದೆ, ಮತ್ತೆ ಬಿಸಿಯಾಗಿ ಮರಳುತ್ತದೆ. ಬಟ್ಟೆಯಿಂದ ಉದುರುವ ನೂಲಿನ ಧೂಳಿಗೂ ಹೊರದಾರಿಯಿಲ್ಲ. ಜಾಳಿಗೆಯಿಂದ ತಪ್ಪಿಸಿಕೊಂಡದ್ದು ಒದ್ದೆ ಸುರುಳಿಗೆ ಹೋಗಿ ಅಂಟುತ್ತದೆ.

ನೀರಿನ ತೊಟ್ಟಿಯನ್ನು ಪ್ರತಿ ಸಲವೂ ಖಾಲಿ ಮಾಡಬೇಕು. 7 ಕಿಲೋ ಹತ್ತಿ ಬಟ್ಟೆ ವಾಷಿಂಗ್ ಮೆಷಿನ್ನಿನಲ್ಲಿ ಸಾಧಾರಣವಾಗಿ ಹಿಂಡಿದ ಮೇಲೂ ಸುಮಾರು 4 ಲೀಟರ್ ನೀರು ಹಿಡಿದಿರುತ್ತದೆ. ಅದರಲ್ಲಿ ಬಹುಪಾಲು ತೊಟ್ಟಿಗೇ ಬರುತ್ತದೆ. ತೊಟ್ಟಿ ಹೆಚ್ಚುಕಡಿಮೆ ಖಾಲಿಯಿದ್ದರೂ ಅದು ತುಂಬಿದೆಯೆಂದು ದೀಪ ಹೊತ್ತಿದರೆ, ತೊಟ್ಟಿ ಪೂರ್ತಿ ಒಳಗೆ ಕೂತಿದೆಯೇ ಎಂದು ಮೊದಲು ನೋಡಬೇಕು. ಕೂತಿದ್ದೂ ದೀಪ ಆರದಿದ್ದರೆ ಕೆಳಗಿನ ಪಂಪಿನ ಗುಂಡಿಯಲ್ಲಿ ಧೂಳು ಕೆಸರಾಗಿ ಕಟ್ಟಿಕೊಂಡಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಬಾಗಿಲ ಬಳಿಯ ಜಾಳಿಗೆಯಲ್ಲಿ ಕೂತ ಧೂಳನ್ನೂ ಆಗಲೇ ತೆಗೆಯುವುದು ಒಳ್ಳೆಯದು. ಬೆರಳಿನಿಂದ ಉಜ್ಜಿದರೆ ಮೆತ್ತನೆಯ ಪದರವಾಗಿ ಸುತ್ತಿಕೊಂಡು ಬರುತ್ತದೆ. ಆದರೆ ಕಣ್ಣಿಗೆ ಸ್ವಚ್ಛ ಕಂಡ ಜಾಳಿಗೆಯೂ ಕಟ್ಟಿಕೊಂಡಿರಬಹುದು. ಬಟ್ಟೆ ಮೃದುವಾಗಲೆಂದು ಹಾಕುವ ಕಂಡಿಷನರ್ ಅದರ ಸಣ್ಣ ಕಣ್ಣುಗಳ ಮೇಲೆ ಕಾಣದ ಪೊರೆ ಕಟ್ಟುತ್ತದೆ. ನಲ್ಲಿಯ ಕೆಳಗೆ ಹಿಡಿದಾಗ ನೀರು ಸೋರಿಹೋಗದೆ ಮೇಲೆಯೇ ನಿಂತರೆ ಪೊರೆ ಇದೆ ಎಂದರ್ಥ. ಬೆಚ್ಚನೆಯ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆದರೆ ಹೋಗುತ್ತದೆ.

ಜನ ಮರೆಯುವುದು ಕೆಳಗಿನ ಸಣ್ಣ ಬಾಗಿಲನ್ನು. ಅನೇಕ ಮಾದರಿಗಳಲ್ಲಿ ಅದರೊಳಗೆ ಸ್ಪಂಜಿನ ಫಿಲ್ಟರ್, ಅದರ ಹಿಂದೆ ತಣ್ಣನೆಯ ಸುರುಳಿಯ ಅಲ್ಯೂಮಿನಿಯಂ ರೆಕ್ಕೆಗಳು ಇರುತ್ತವೆ. ಸ್ಪಂಜನ್ನು ತೊಳೆದು, ತಿರುಚದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ ಹಾಕಬೇಕು. ರೆಕ್ಕೆಗಳು ಕಾಗದದಷ್ಟು ತೆಳು. ಬೆರಳು ತಾಗಿದರೆ ಬಾಗುತ್ತವೆ, ಚರ್ಮವನ್ನೂ ಕೊಯ್ಯುತ್ತವೆ. ಕೈಗವಸು ಹಾಕಿ, ಪ್ಲಗ್ ತೆಗೆದು, ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆಯ ಬ್ರಷ್ಷನ್ನು ರೆಕ್ಕೆಗಳ ಉದ್ದಕ್ಕೆ ಮೇಲಿಂದ ಕೆಳಗೆ ಹಗುರವಾಗಿ ಎಳೆಯಬೇಕು. ಈ ಸುರುಳಿ ಹೊರಗೆ ಬರುವುದಿಲ್ಲ, ಎಳೆಯಲು ಹೋಗಬಾರದು. ಹಳೆಯ ಬಗೆಯ ಕಂಡೆನ್ಸರ್ ಡ್ರೈಯರಿನಲ್ಲಿ ಮಾತ್ರ ಸಾಮಾನ್ಯವಾಗಿ ಹಿಡಿಗಳನ್ನು ತಿರುಗಿಸಿ ಕಂಡೆನ್ಸರನ್ನೇ ಹೊರಗೆಳೆದು ನಲ್ಲಿಯ ನೀರಿನಲ್ಲಿ ತೊಳೆಯಬಹುದು. ತಾನೇ ತೊಳೆದುಕೊಳ್ಳುವ ಕಂಡೆನ್ಸರುಳ್ಳ ಮಾದರಿಗಳೂ ಇವೆ. ಅವುಗಳಲ್ಲಿ ಸುರುಳಿಗೆ ಕೈ ಹಾಕಲು ದಾರಿಯೇ ಇಲ್ಲದಿರಬಹುದು, ಆಗ ಜಾಳಿಗೆಯ ಶುಚಿಯೇ ಆಧಾರ.

ಎರಡೂವರೆ ಗಂಟೆಯಲ್ಲಿ ಒಣಗುತ್ತಿದ್ದ ಹಾಸಿಗೆ ಹೊದಿಕೆಗಳಿಗೆ ಈಗ ನಾಲ್ಕು ಗಂಟೆ ಹಿಡಿಯುತ್ತಿದ್ದರೆ, ತೊಟ್ಟಿಯ ನೀರೂ ಕಡಿಮೆಯಾಗಿದ್ದರೆ, ಗಾಳಿಯ ದಾರಿ ಕಟ್ಟಿದೆಯೆಂಬ ಅನುಮಾನ ಬಲವಾಗುತ್ತದೆ. ಜಾಳಿಗೆ, ಸ್ಪಂಜು, ರೆಕ್ಕೆಗಳನ್ನು ಇದೇ ಕ್ರಮದಲ್ಲಿ ನೋಡಬೇಕು. ತದ್ವಿರುದ್ಧವಾಗಿ, ಬಟ್ಟೆ ಒದ್ದೆ ಇರುವಾಗಲೇ ಯಂತ್ರ ಬೇಗ ನಿಂತುಬಿಟ್ಟರೆ ತಪ್ಪು ಬೇರೆ ಕಡೆ ಇರಬಹುದು: ಡ್ರಮ್ಮಿನೊಳಗೆ ತೇವ ಅಳೆಯುವ ಲೋಹದ ಪಟ್ಟಿಗಳ ಮೇಲೂ ಅದೇ ಕಂಡಿಷನರಿನ ಪೊರೆ ಕೂರುತ್ತದೆ. ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಅದು ಬಿಡುತ್ತದೆ.