ಕೊಡುವುದೆಷ್ಟು, ಬರುವುದೆಷ್ಟು?
ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕದ ಲೆಕ್ಕ

ಬ್ಯಾಂಕಿನಿಂದ ತಮಗೊಂದು ಕರೆ ಬರುತ್ತದೆ. "ನಮ್ಮ ಕ್ರೆಡಿಟ್ ಕಾರ್ಡು ತೆಗೆದುಕೊಳ್ಳಿರಿ, ಕೊಂಡ ಸಾಮಾನಿಗೆ ನೂರಕ್ಕೆ ಐದು ರೂಪಾಯಿ ಮರಳಿ ಬರುತ್ತದೆ, ವರ್ಷಕ್ಕೆ ಶುಲ್ಕ ಬರಿಯ 999 ರೂಪಾಯಿ" ಎನ್ನುತ್ತಾರೆ. ತಿಂಗಳಿಗೆ 20,000 ರೂಪಾಯಿ ಖರ್ಚಿರುವ ಮನೆಯ ಯಜಮಾನರು ಕೂಡಲೇ ಮನಸ್ಸಿನಲ್ಲಿ ಗುಣಿಸುತ್ತಾರೆ: ತಿಂಗಳಿಗೆ ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ! ಹೀಗಿರುವಾಗ 999 ರೂಪಾಯಿ ಯಾವ ಲೆಕ್ಕ? ಆದರೆ ಹೌದೆನ್ನುವ ಮುನ್ನ ಮನೆಯ ಖರ್ಚಿನ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡುವುದು ಲೇಸು.

ಮೊದಲು ಶುಲ್ಕವನ್ನೇ ನೋಡೋಣ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಕೂಡುತ್ತದೆ. ಆದುದರಿಂದ ಕೈಬಿಡುವ ಹಣ 999 ಅಲ್ಲ, ಸುಮಾರು 1,179 ರೂಪಾಯಿ. ಇದನ್ನು ಪ್ರತಿವರ್ಷವೂ ತೆರಬೇಕು. ಕಾರ್ಡು ಪಡೆದಾಗ ಕೊಡುವ ಸ್ವಾಗತದ ಉಡುಗೊರೆ ಮಾತ್ರ ಸಾಮಾನ್ಯವಾಗಿ ಒಂದೇ ಸಲ.

ಇನ್ನು ಬರುವ ಹಣ. ಗುತ್ತಲದಲ್ಲಿ ವಾಸವಾಗಿರುವ ಒಂದು ನೌಕರಸ್ಥ ಕುಟುಂಬವನ್ನು ಊಹಿಸಿಕೊಳ್ಳಿರಿ. ಅವರ ಕಾರ್ಡು ಆನ್‌ಲೈನ್ ಖರೀದಿಗೆ ನೂರಕ್ಕೆ ಐದು, ಅಂಗಡಿಯ ಖರೀದಿಗೆ ನೂರಕ್ಕೆ ಒಂದು ರೂಪಾಯಿ ಕೊಡುವಂಥದು. ಇವರ 20,000 ರೂಪಾಯಿಯಲ್ಲಿ ಕಿರಾಣಿಗೆ 6,000, ಹಾಲು ಕಾಯಿಪಲ್ಲೆಗೆ 3,000 ಹೋಗುತ್ತದೆ. ಕಿರಾಣಿಯವರು ನಗದು ಇಲ್ಲವೇ ಫೋನಿನ ಪಾವತಿ ಒಪ್ಪುತ್ತಾರೆಯೇ ಹೊರತು ಕಾರ್ಡಿನ ಯಂತ್ರ ಇಟ್ಟಿಲ್ಲ. ರೂಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದಾಗಿದೆ. ಆದರೆ ಅಂಥ ಪಾವತಿಗೆ ಬಹುಮಾನವುಂಟೇ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ನಮ್ಮ ಕುಟುಂಬದ ಕಾರ್ಡಿಗೆ ಆ ಸೌಲಭ್ಯವಿಲ್ಲವೆಂದು ತಿಳಿಯೋಣ. ಪೆಟ್ರೋಲಿಗೆ 2,500, ವಿದ್ಯುತ್ ಮತ್ತು ಫೋನಿನ ಬಿಲ್ಲಿಗೆ 1,500, ವಿಮೆಯ ಕಂತಿಗೆ 2,000. ಇವುಗಳನ್ನು ಕಾರ್ಡಿನಿಂದ ಕೊಡಬಹುದಾದರೂ ಇಂಥ ಖರ್ಚುಗಳಿಗೆ ಬಹುಮಾನವಿಲ್ಲವೆಂದು ಅನೇಕ ಕಾರ್ಡುಗಳ ನಿಯಮಾವಳಿಯಲ್ಲಿ ಬರೆದಿರುತ್ತದೆ. ಇವರದರಲ್ಲೂ ಹಾಗೆಯೇ ಇದೆ.

ಉಳಿದದ್ದೆಷ್ಟು? ಹಾವೇರಿಗೆ ಹೋದಾಗ ಬಟ್ಟೆ, ಔಷಧಿಗೆಂದು ಕಾರ್ಡಿನಿಂದ ಕೊಡುವ 3,000. ಆನ್‌ಲೈನಿನಲ್ಲಿ ತರಿಸುವ 2,000. ಮೊದಲನೆಯದಕ್ಕೆ 30 ರೂಪಾಯಿ, ಎರಡನೆಯದಕ್ಕೆ 100. ತಿಂಗಳಿಗೆ 130, ವರ್ಷಕ್ಕೆ 1,560 ರೂಪಾಯಿ. ಶುಲ್ಕ ಕಳೆದರೆ ಉಳಿಯುವುದು 381. ಹನ್ನೆರಡು ಸಾವಿರದ ಕನಸು ಇಲ್ಲಿಗೆ ಬಂದು ನಿಂತಿತು!

ಆದರೂ ಲಾಭವೇ ತಾನೇ ಎನ್ನುವಿರಾ? ಅವಸರ ಬೇಡ. ವಾರ್ಷಿಕ ಶುಲ್ಕವಿಲ್ಲದ ಕಾರ್ಡುಗಳೂ ಉಂಟು. ಎಲ್ಲಕ್ಕೂ ನೂರಕ್ಕೆ ಒಂದು ರೂಪಾಯಿ ಮಾತ್ರ ಕೊಡುವ ಅಂಥದೊಂದು ಕಾರ್ಡು ಇವರಲ್ಲಿದ್ದರೆ, ಅದೇ 5,000 ರೂಪಾಯಿಗೆ ತಿಂಗಳಿಗೆ 50, ವರ್ಷಕ್ಕೆ 600 ರೂಪಾಯಿ ಬರುತ್ತಿತ್ತು. ಶುಲ್ಕದ ಕಾರ್ಡಿಗಿಂತ 219 ಹೆಚ್ಚು! ಆದುದರಿಂದ ಶುಲ್ಕದ ಕಾರ್ಡನ್ನು ಹೋಲಿಸಬೇಕಾದದ್ದು ಬರಿಗೈಯೊಡನೆ ಅಲ್ಲ, ಶುಲ್ಕವಿಲ್ಲದ ಕಾರ್ಡಿನೊಡನೆ. ಆನ್‌ಲೈನ್ ಖರೀದಿಯಲ್ಲಿ ಇವೆರಡರ ಅಂತರ ನೂರಕ್ಕೆ ನಾಲ್ಕು. 1,179ನ್ನು ಈ ಅಂತರದಿಂದಲೇ ತುಂಬಿಸಬೇಕಾದರೆ ವರ್ಷಕ್ಕೆ 29,475, ಅಂದರೆ ತಿಂಗಳಿಗೆ ಸುಮಾರು 2,456 ರೂಪಾಯಿಯ ಆನ್‌ಲೈನ್ ಖರೀದಿ ಬೇಕು. ತಮ್ಮ ಮನೆಯ ಖರೀದಿ ಇದಕ್ಕಿಂತ ಹೆಚ್ಚಾಗಿದ್ದರೆ ಶುಲ್ಕ ಕೊಡುವುದರಲ್ಲಿ ಅರ್ಥವಿದೆ, ಕಡಿಮೆಯಿದ್ದರೆ ಇಲ್ಲ.

"ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ" ಎಂಬ ಮಾತೂ ಬರುತ್ತದೆ. ಈ ಕುಟುಂಬ ಕಾರ್ಡಿನಿಂದ ಮಾಡುವ ಖರೀದಿ 60,000. ಸಹಜವಾಗಿ ಎರಡು ಲಕ್ಷ ಮುಟ್ಟುವವರಿಗೆ ಮಾಫಿ ಒಳ್ಳೆಯದೇ. ಆದರೆ 1,179 ಉಳಿಸಲೆಂದು ಬೇಡದ ಸಾಮಾನು ಕೊಳ್ಳುವುದು ಅಸಲಿಗೇ ಸಂಚಕಾರ. ಹಣದ ಬದಲು ಅಂಕಗಳನ್ನು ಕೊಡುವ ಕಾರ್ಡಾದರೆ ಒಂದು ಅಂಕಕ್ಕೆ ಎಷ್ಟು ಪೈಸೆಯೆಂದು ಕೇಳಿರಿ. ನೂರು ರೂಪಾಯಿಗೆ ನಾಲ್ಕು ಅಂಕವೆಂದರೂ, ಅಂಕಕ್ಕೆ 25 ಪೈಸೆಯಾದರೆ ಅದು ನೂರಕ್ಕೆ ಒಂದು ರೂಪಾಯಿಯೇ.

ಈ ಲೆಕ್ಕವೆಲ್ಲ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ತೀರಿಸುವವರಿಗೆ ಮಾತ್ರ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿಯಿರುವ ಕಾರ್ಡಿನಲ್ಲಿ 10,000 ರೂಪಾಯಿ ಒಂದು ತಿಂಗಳು ಉಳಿದರೆ 350 ಬಡ್ಡಿ, ಅದರ ಮೇಲೆ 63 ಜಿಎಸ್‌ಟಿ, ಒಟ್ಟು 413. ಇಡೀ ವರ್ಷದ 381 ಒಂದೇ ತಪ್ಪಿಗೆ ಹೋಯಿತು.

ಈಗಾಗಲೇ ಇಂಥ ಕಾರ್ಡು ಪಡೆದಿದ್ದರೆ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳಲ್ಲಿ ನಿಜವಾಗಿ ಮರಳಿದ ಹಣವನ್ನು ಕೂಡಿಸಿ ನೋಡಿರಿ. ಶುಲ್ಕಕ್ಕೆ ಸಾಲದಿದ್ದರೆ, ಹೊಸ ವರ್ಷದ ಶುಲ್ಕ ಬೀಳುವ ಮೊದಲೇ ಮಾಫಿಯನ್ನೋ ಶುಲ್ಕವಿಲ್ಲದ ಕಾರ್ಡನ್ನೋ ಬ್ಯಾಂಕಿನಲ್ಲಿ ಕೇಳಬಹುದು. ಒಪ್ಪದಿದ್ದರೆ ಬಾಕಿ ತೀರಿಸಿ ಕಾರ್ಡನ್ನು ಮುಚ್ಚಿಸಿರಿ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ತಡವಾದ ಪ್ರತಿದಿನಕ್ಕೂ 500 ರೂಪಾಯಿಯನ್ನು ಗಿರಾಕಿಗೆ ತೆರಬೇಕು. ಅರ್ಜಿ ಕೊಟ್ಟ ತಾರೀಖನ್ನು ಮಾತ್ರ ಬರೆದಿಟ್ಟುಕೊಳ್ಳಲು ಮರೆಯದಿರಿ.