ಗಾದೆ ತಿರುಗಲಿ, ತಾಳ ತಪ್ಪದಿರಲಿ

ಗಾದೆಯನ್ನು ತಿರುಚಿ ನಗಿಸುವಾಗ ನಾವು ಮೊದಲರ್ಧವನ್ನು ಮುಟ್ಟುವುದಿಲ್ಲ. ‘ಕೈ ಕೆಸರಾದರೆ’ ಎಂದೊಡನೆ ಕೇಳುಗರ ಕಿವಿ ‘ಬಾಯಿ ಮೊಸರು’ ಎಂಬುದಕ್ಕೆ ಕಾಯುತ್ತದೆ. ಅಲ್ಲಿ ‘ತಮ್ಮನ ಹೆಸರು’ ಎನ್ನುತ್ತೇವೆ. ಕೆಸರು, ಮೊಸರು, ಹೆಸರು: ಮೂರೂ ಮೂರಕ್ಷರ, ಒಂದೇ ಪ್ರಾಸ. ದುಡಿಮೆಯ ಫಲವನ್ನು ಸಾರುತ್ತಿದ್ದ ಮಾತು, ತಪ್ಪನ್ನು ತಮ್ಮನ ಮೇಲೆ ಹೊರಿಸುವ ತುಂಟತನವಾಗುತ್ತದೆ. ಅದನ್ನೇ ‘ಕೈ ಕೆಸರಾದರೆ ತಮ್ಮನನ್ನು ದೂರುತ್ತಾರೆ’ ಎಂದರೆ ಅರ್ಥ ಉಳಿದೀತು, ತಾಳ ತಪ್ಪಿ ನಗೆ ಅಳಿಯುತ್ತದೆ.

ಮೂಲಗಾದೆಯನ್ನೇ ಅರಿಯದವರಿಗೆ ನಗೆಯೂ ಇಲ್ಲ. ನಮ್ಮ ಗಡಿನಾಡಿನ ತರಗತಿಯಲ್ಲಿ ಎಲ್ಲರೂ ನಕ್ಕಾಗ ಸುಮ್ಮನಿರುವ ಮಗು, ಆ ಗಾದೆಯನ್ನು ಮನೆಯಲ್ಲಿ ಕೇಳಿಲ್ಲದಿರಬಹುದು. ಆದ್ದರಿಂದ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದನ್ನು ಮೊದಲು ಅರ್ಥಸಹಿತ ಹೇಳೋಣ. ಬಳಿಕ ‘ಮಾತು ಬಲ್ಲವನಿಗೆ…’ ಎಂದು ನಿಲ್ಲಿಸಿದರೆ, ‘ಹೋಂವರ್ಕಿಲ್ಲ’ ಎಂದು ಮಕ್ಕಳೇ ಪೂರೈಸಿಯಾರು.