ಕೇಳುವ ಮೊದಲು ಲೆಕ್ಕ

“ಜೆರಾಕ್ಸ್ ಯಂತ್ರ ಕೆಟ್ಟಿದೆ, ಹೊಸದೊಂದನ್ನು ದಯಮಾಡಿ ಕೊಡಿಸಬೇಕು.” ಕಚೇರಿಯಿಂದ ಇಂಥ ಓಲೆ ಬಂದರೆ ಹಣಕಾಸಿನ ಮುಖ್ಯಸ್ಥರು ಏನು ಮಾಡಿಯಾರು? ವೆಚ್ಚವೆಷ್ಟು, ಲಾಭವೇನು, ಬೇರೆ ದಾರಿಯಿಲ್ಲವೆ ಎಂಬುದಕ್ಕೆ ಅದರಲ್ಲಿ ಉತ್ತರವೇ ಇಲ್ಲ. ಅದು ಮೇಜಿನ ಮೇಲೆಯೇ ಉಳಿಯುತ್ತದೆ.

ಅದೇ ಓಲೆಯನ್ನು ಹೀಗೆ ತಿದ್ದಬಹುದು:

“ತಿಂಗಳಿಗೆ 6,000 ಪುಟಗಳನ್ನು ಹೊರಗಿನ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿಯಂತೆ ಮಾಡಿಸುತ್ತಿದ್ದೇವೆ, ವೆಚ್ಚ 12,000. ಸ್ವಂತ ಯಂತ್ರದಲ್ಲಾದರೆ ಕಾಗದ, ಟೋನರ್, ದುರಸ್ತಿ ಸೇರಿ ಪುಟಕ್ಕೆ 75 ಪೈಸೆ, ವೆಚ್ಚ 4,500. ಉಳಿತಾಯ 7,500. ತೆರಿಗೆ ಸೇರಿ ಯಂತ್ರದ ಬೆಲೆ 90,000. ಅದು 12 ತಿಂಗಳಲ್ಲಿ ಹಿಂದಿರುಗುತ್ತದೆ. ತಿಂಗಳಿಗೆ 4,000 ಬಾಡಿಗೆಯ ಯಂತ್ರ ತಂದರೆ ಬಂಡವಾಳ ಬೇಡ. ಆದರೆ ಉಳಿತಾಯ 3,500ಕ್ಕೆ ಇಳಿಯುತ್ತದೆ. ಹಳೆಯದಕ್ಕೆ ಬಿಡಿಭಾಗ ದೊರೆಯುತ್ತಿಲ್ಲ. ಸುಮ್ಮನಿದ್ದರೆ ಈಗಿನ ವೆಚ್ಚವೇ ಮುಂದುವರಿಯುತ್ತದೆ.”

ಈ ಲೆಕ್ಕದ ಜೀವ 6,000 ಎಂಬ ಅಂಕಿಯಲ್ಲಿದೆ. ಪರೀಕ್ಷೆಯ ತಿಂಗಳೊಂದನ್ನೇ ಎಣಿಸಿದ್ದರೆ ಅದು ಉಬ್ಬಿದ ಅಂಕಿ. ನಿಜದ ಸರಾಸರಿ 3,000 ಆಗಿದ್ದರೆ ಉಳಿತಾಯ 3,750 ಮಾತ್ರ. ಹಣ ಮರಳಲು 24 ತಿಂಗಳು ಬೇಕು, ಬಾಡಿಗೆಯಂತೂ ನಷ್ಟವೇ. ಆದುದರಿಂದ ವರ್ಷದ ರಸೀದಿಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿ, ಓಲೆಗೆ ಲಗತ್ತಿಸಬೇಕು. ಅನುಮಾನವಿದ್ದಲ್ಲಿ ಎರಡು ಲೆಕ್ಕವನ್ನೂ ಕೊಡುವುದೇ ಲೇಸು.